ಅಡಿಟಿಪ್ಪಣಿಯ ಲ್ಯಾಟಿನ್: ಇಬಿಡ್, ಸಿಕ್, ಸಿಎಫ್, ಎಟ್ ಆಲ್ ಬಳಸುವ ಬಗೆ

ಕಳೆದ ಮಳೆಗಾಲದಲ್ಲಿ ಚನ್ನರಾಯಪಟ್ಟಣದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದ ಮೂರನೆಯ ಅಧ್ಯಾಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹಾಸನದ ನಮ್ಮ ಮನೆಗೆ ಬಂದಳು. ಹೊಯ್ಸಳರ ಕಾಲದ ಕೆರೆಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಅಧ್ಯಾಯ ಅದು. ಓದಿದ ಹಿರಿಯರೊಬ್ಬರು ಒಂದು ಪುಟದ ಅಂಚಿನಲ್ಲಿ ಕೆಂಪು ಶಾಯಿಯಿಂದ ಹೀಗೆ ಬರೆದಿದ್ದರು: "ಈ ಮಾತು ಕೊಯೆಲೊ ಅವರ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ."

"ಸರ್, ನಾನು ಇದನ್ನು ಕೊಯೆಲೊ ಹೇಳಿದ್ದಾರೆ ಎಂದು ಬರೆದೇ ಇಲ್ಲ. ಇದು ಡೆರೆಟ್ ಅವರ ಮಾತು" ಎಂದಳು.

ಅವಳು ಹೇಳಿದ್ದು ನಿಜ. ಹಿರಿಯರು ಬರೆದದ್ದೂ ನಿಜ. ತಪ್ಪು ನಡೆದದ್ದು ಪುಟದ ಕೆಳಗಿದ್ದ ಒಂದು ಚಿಕ್ಕ ಪದದಲ್ಲಿ. ಆ ಪದ ಇಬಿಡ್.

ಇತಿಹಾಸ ಪಾಠ ಮಾಡಿ ನಿವೃತ್ತನಾದ ಮೇಲೆ ಇಂತಹ ಅಧ್ಯಾಯಗಳನ್ನು ಓದಿಕೊಡುವುದು ನನ್ನ ನಿತ್ಯದ ಕೆಲಸವಾಗಿದೆ. ಲ್ಯಾಟಿನ್ ಸಂಕ್ಷೇಪಗಳು ಹತ್ತಾರು ಇದ್ದರೂ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಎಡವಿಸುವವು ನಾಲ್ಕೇ: ಇಬಿಡ್, ಸಿಕ್, ಸಿಎಫ್ ಮತ್ತು ಎಟ್ ಆಲ್. ಇವುಗಳಲ್ಲಿಯೂ ಮೊದಲಿನ ಎರಡು ಹೆಚ್ಚು ಅಪಾಯದವು. ಒಂದು ಆಕರವನ್ನೇ ಬದಲಿಸಿಬಿಡುತ್ತದೆ, ಇನ್ನೊಂದು ಬೇರೆಯವರ ಮೇಲೆ ತಪ್ಪು ಹೊರಿಸುತ್ತದೆ. ಆದ್ದರಿಂದ ಆ ಎರಡಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

## ಮೊದಲು ಕನ್ನಡದಲ್ಲಿ ಬಿಡಿಸಿ ಓದಿ

ಸಂಕ್ಷೇಪವನ್ನು ಟೈಪ್ ಮಾಡುವ ಮುನ್ನ ಅದರ ಅರ್ಥವನ್ನು ಕನ್ನಡದಲ್ಲಿ ಅದೇ ಜಾಗದಲ್ಲಿಟ್ಟು ಓದಿ. ಇಬಿಡ್ ಎಂದರೆ ಇಬಿಡೆಮ್, "ಅದೇ ಜಾಗದಲ್ಲಿ". ಸಿಕ್ ಎಂದರೆ "ಹೀಗೆಯೇ", ಅಂದರೆ "ಮೂಲದಲ್ಲಿ ಹೀಗೆಯೇ ಇದೆ". ಸಿಎಫ್ ಎಂದರೆ ಕಾನ್‌ಫರ್, "ಹೋಲಿಸಿ ನೋಡು". ಎಟ್ ಆಲ್ ಎಂದರೆ ಎಟ್ ಅಲಿಯೈ, "ಮತ್ತು ಇತರರು". ಕನ್ನಡದ ಮಾತು ಆ ಜಾಗದಲ್ಲಿ ನಿಂತರೆ ಲ್ಯಾಟಿನ್ನೂ ನಿಲ್ಲುತ್ತದೆ. ಕನ್ನಡದಲ್ಲಿ ಓದಿದಾಗ "ಯಾವ ಜಾಗ?", "ಯಾವುದರ ಜೊತೆ ಹೋಲಿಸಲಿ?" ಎಂಬ ಪ್ರಶ್ನೆ ಎದ್ದರೆ ಅಲ್ಲಿ ಏನೋ ತಪ್ಪಿದೆ ಎಂದು ತಿಳಿಯಿರಿ.

ಚುಕ್ಕೆಯ ಲೆಕ್ಕವೂ ಈ ಅರ್ಥದಿಂದಲೇ ಹೊರಡುತ್ತದೆ. ಪದವನ್ನು ಕತ್ತರಿಸಿದ ಕಡೆ ಚುಕ್ಕೆ ಬರುತ್ತದೆ, ಇಡಿಯಾಗಿ ಬರೆದ ಕಡೆ ಬರುವುದಿಲ್ಲ. ಎಟ್ ಎಂಬುದು "ಮತ್ತು" ಎಂಬ ಪೂರ್ಣ ಪದ, ಆದ್ದರಿಂದ ಅದಕ್ಕೆ ಚುಕ್ಕೆ ಇಲ್ಲ. ಆಲ್ ಕತ್ತರಿಸಿದ ಪದ, ಅದಕ್ಕೆ ಬೇಕು. ಸಿಎಫ್ ಒಂದೇ ಪದದಿಂದ ಆರಿಸಿದ ಎರಡು ಅಕ್ಷರ, ಅದಕ್ಕೆ ಕೊನೆಯಲ್ಲಿ ಒಂದೇ ಚುಕ್ಕೆ. ಇಬಿಡ್‌ಗೆ ಚುಕ್ಕೆ ಇದೆ. ಸಿಕ್ ಸಂಕ್ಷೇಪವೇ ಅಲ್ಲ, ಪೂರ್ಣ ಪದ, ಅದಕ್ಕೆ ಚುಕ್ಕೆ ಇಲ್ಲ.

```
et al.
cf.
ibid.
[sic]
```

ಪುಟದಲ್ಲಿ ಕಾಣಬೇಕಾದ ರೂಪಗಳು ಇವೇ.

## ಇಬಿಡ್: ಕಟ್ಟಕಡೆಯಲ್ಲಿ ಹಾಕುವ ಪದ

ನಿಯಮ ಸರಳವಾಗಿದೆ. ಸರಿಯಾಗಿ ಹಿಂದಿನ ಅಡಿಟಿಪ್ಪಣಿಯಲ್ಲಿ ಒಂದೇ ಒಂದು ಆಕರವಿದ್ದು, ಈ ಟಿಪ್ಪಣಿಯೂ ಅದೇ ಆಕರದ್ದಾದರೆ ಇಬಿಡ್ ಬರೆಯಬಹುದು. ಪುಟವೂ ಅದೇ ಆಗಿದ್ದರೆ ಇಬಿಡ್ ಒಂದೇ ಸಾಕು. ಪುಟ ಬೇರೆಯಾಗಿದ್ದರೆ ಅಲ್ಪವಿರಾಮ ಹಾಕಿ ಪುಟಸಂಖ್ಯೆ ಕೊಡಬೇಕು. ಎರಡು ಟಿಪ್ಪಣಿ ಹಿಂದಿನದು, ಹಿಂದಿನ ಅಧ್ಯಾಯದ್ದು, "ಆಗಲೇ ಹೇಳಿದ ಪುಸ್ತಕ" ಯಾವುದಕ್ಕೂ ಇದು ಸಲ್ಲುವುದಿಲ್ಲ.

ಆ ವಿದ್ಯಾರ್ಥಿನಿಯ ಅಧ್ಯಾಯದಲ್ಲಿ ನಡೆದದ್ದನ್ನು ಹಂತಹಂತವಾಗಿ ತೋರಿಸುತ್ತೇನೆ. ಅವಳು ಬಳಸಿದ ಆಕರಗಳು ಮೂರು. ಮೊದಲನೆಯದು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟ, ಹಾಸನ ಜಿಲ್ಲೆಯ ಶಾಸನಗಳದ್ದು, 1902ರದು. ಎರಡನೆಯದು ಡಂಕನ್ ಡೆರೆಟ್ ಅವರ ಹೊಯ್ಸಳರ ಇತಿಹಾಸ, 1957ರದು. ಮೂರನೆಯದು ವಿಲಿಯಂ ಕೊಯೆಲೊ ಅವರ ಹೊಯ್ಸಳ ವಂಶ, 1950ರದು. ಕೆಳಗಿನ ಪುಟಸಂಖ್ಯೆಗಳನ್ನೂ ಶಾಸನಸಂಖ್ಯೆಗಳನ್ನೂ ಉದಾಹರಣೆಗೆಂದು ಹಾಕಿದ್ದೇನೆ, ಉಲ್ಲೇಖವೆಂದು ತೆಗೆದುಕೊಳ್ಳಬೇಡಿ. ಮೊದಲ ಕರಡಿನಲ್ಲಿ ಟಿಪ್ಪಣಿಗಳು ಹೀಗಿದ್ದವು, Bl ಎಂಬುದು ಬೇಲೂರು ತಾಲ್ಲೂಕಿನ ಗುರುತು:

```
1. Rice, Epigraphia Carnatica, vol. 5, Bl 58.
2. Ibid., Bl 71.
3. Derrett, The Hoysalas, 45.
4. Ibid., 52.
```

ನಾಲ್ಕೂ ಸರಿಯಾಗಿವೆ. ನಾಲ್ಕನೆಯ ಟಿಪ್ಪಣಿ ಡೆರೆಟ್ ಪುಸ್ತಕದ 52ನೆಯ ಪುಟವನ್ನು ತೋರಿಸುತ್ತದೆ. ಆಮೇಲೆ ಮಾರ್ಗದರ್ಶಕರು, ಇಲ್ಲಿ ಕೊಯೆಲೊ ಅವರ ಅಭಿಪ್ರಾಯವನ್ನೂ ಒಂದು ವಾಕ್ಯದಲ್ಲಿ ಸೇರಿಸು ಎಂದರು. ಅವಳು ಮೂರನೆಯ ಮತ್ತು ನಾಲ್ಕನೆಯ ಟಿಪ್ಪಣಿಗಳ ನಡುವೆ ಒಂದು ವಾಕ್ಯ ಸೇರಿಸಿ ಅದಕ್ಕೆ ಟಿಪ್ಪಣಿ ಹಾಕಿದಳು. ಕಂಪ್ಯೂಟರ್ ತಾನಾಗಿಯೇ ಸಂಖ್ಯೆಗಳನ್ನು ಮುಂದಕ್ಕೆ ತಳ್ಳಿತು:

```
3. Derrett, The Hoysalas, 45.
4. Coelho, The Hoysala Vamsa, 88.
5. Ibid., 52.
```

ಸಂಖ್ಯೆ ಬದಲಾಯಿತು, ಕೈಯಿಂದ ಟೈಪ್ ಮಾಡಿದ ಇಬಿಡ್ ಹಾಗೆಯೇ ಉಳಿಯಿತು. ಈಗ ಐದನೆಯ ಟಿಪ್ಪಣಿ ಕೊಯೆಲೊ ಪುಸ್ತಕದ 52ನೆಯ ಪುಟ ಎಂದು ಹೇಳುತ್ತಿದೆ. ಪರದೆಯ ಮೇಲೆ ಯಾವ ಕೆಂಪು ಗೆರೆಯೂ ಮೂಡುವುದಿಲ್ಲ, ಕಾಗುಣಿತದ ತಪ್ಪೂ ಇಲ್ಲ. ಓದುಗ ಗ್ರಂಥಾಲಯಕ್ಕೆ ಹೋಗಿ ಕೊಯೆಲೊ ಪುಸ್ತಕ ತೆರೆದು ನೋಡುತ್ತಾನೆ, ಮಾತು ಸಿಗುವುದಿಲ್ಲ. ಸಂಶೋಧಕಿ ಆಕರವನ್ನು ಕಟ್ಟಿ ಹೇಳಿದ್ದಾಳೆ ಎಂದುಕೊಳ್ಳಲು ಅಷ್ಟು ಸಾಕು. ಡೆರೆಟ್ ಅವರ ಮಾತಿಗೆ ಡೆರೆಟ್ ಹೆಸರು ಇಲ್ಲವಾಯಿತು ಎಂಬುದು ಇನ್ನೊಂದು ಅನ್ಯಾಯ.

ಸೇರಿಸುವುದಕ್ಕಿಂತ ಅಳಿಸುವುದು ಹೆಚ್ಚು ಮೋಸದ್ದು. ಮೊದಲ ಕರಡಿನಲ್ಲಿ ಮೂರನೆಯ ಟಿಪ್ಪಣಿ ಇರುವ ವಾಕ್ಯ ಬೇಡವೆಂದು ಕತ್ತರಿಸಿದರೆ ಅದರೊಂದಿಗೆ ಡೆರೆಟ್ ಹೆಸರೂ ಹೋಗುತ್ತದೆ, ಮುಂದಿನ ಇಬಿಡ್ ರೈಸ್ ಅವರ ಕಡೆಗೆ ತಿರುಗುತ್ತದೆ. ಸೇರಿಸುವಾಗ ಹೊಸ ಟಿಪ್ಪಣಿ ಕಣ್ಣೆದುರೇ ಇರುವುದರಿಂದ ಎಚ್ಚರ ಹುಟ್ಟಲೂಬಹುದು. ಅಳಿಸುವಾಗ ಕಣ್ಣು ಪುಟದ ಮೇಲ್ಭಾಗದಲ್ಲಿರುತ್ತದೆ, ಕೆಳಗೆ ಏನಾಯಿತೆಂದು ನೋಡುವವರು ಕಡಿಮೆ.

ಇನ್ನೂ ಎರಡು ಕಡೆ ಇಬಿಡ್ ದಾರಿ ತಪ್ಪುತ್ತದೆ. ಹಿಂದಿನ ಟಿಪ್ಪಣಿಯಲ್ಲಿ ರೈಸ್ ಮತ್ತು ಡೆರೆಟ್ ಇಬ್ಬರೂ ಇದ್ದರೆ "ಅದೇ ಜಾಗ" ಯಾವುದು ಎಂದು ಹೇಳಲಾಗದು. ನಡುವೆ ಆಕರವೇ ಇಲ್ಲದ ವಿವರಣೆಯ ಟಿಪ್ಪಣಿ, ಉದಾಹರಣೆಗೆ "ತೂಬು ಎಂದರೆ ಕೆರೆಯಿಂದ ನೀರು ಬಿಡುವ ಬಾಯಿ" ಎಂಬಂತಹದು ಬಂದರೆ, ಅದರ ಮುಂದಿನ ಇಬಿಡ್‌ಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಎರಡೂ ಕಡೆ ಲೇಖಕರ ಹೆಸರನ್ನು ಮತ್ತೆ ಬರೆಯಿರಿ.

ನಮ್ಮ ಜಿಲ್ಲೆಗಳ ಶಾಸನಗಳ ಮೇಲೆ ಕೆಲಸ ಮಾಡುವವರಿಗೆ ಒಂದು ವಿಶೇಷ ತೊಡಕು ಇದೆ. ರೈಸ್ ಅವರ ಸಂಪುಟಗಳಲ್ಲಿ ಪೀಠಿಕೆ, ಲಿಪ್ಯಂತರ, ಅನುವಾದ, ಕನ್ನಡ ಪಾಠ ಬೇರೆಬೇರೆ ಭಾಗಗಳಾಗಿರುವುದರಿಂದ ಪುಟಕ್ಕಿಂತ ತಾಲ್ಲೂಕು ಮತ್ತು ಶಾಸನಸಂಖ್ಯೆಯಿಂದ ಉಲ್ಲೇಖಿಸುವುದು ರೂಢಿ. ಬೇಲೂರಿಗೆ ಒಂದು ಗುರುತು, ಅರಸೀಕೆರೆಗೆ ಒಂದು, ಚನ್ನರಾಯಪಟ್ಟಣಕ್ಕೆ ಒಂದು. ಆದ್ದರಿಂದ ಇಬಿಡ್ ಮುಂದೆ ಬರೀ 71 ಎಂದು ಬರೆದರೆ ಅದು ಪುಟವೋ ಶಾಸನವೋ ತಿಳಿಯುವುದಿಲ್ಲ. ತಾಲ್ಲೂಕಿನ ಗುರುತನ್ನು ಇಬಿಡ್ ಜೊತೆಗೂ ಬಿಡಬೇಡಿ. ಇದರಿಂದ ಇನ್ನೊಂದು ಲಾಭವೂ ಇದೆ: ಇಬಿಡ್ ತಪ್ಪಿ ಡೆರೆಟ್ ಕಡೆಗೆ ತಿರುಗಿದ್ದರೆ, ಅವರ ಪುಸ್ತಕದ ಪಕ್ಕದಲ್ಲಿ ಬೇಲೂರಿನ ಗುರುತು ಕಂಡು ಓದುವವರಿಗೆ ತಕ್ಷಣ ಅನುಮಾನ ಬರುತ್ತದೆ.

ಹಾಗಾದರೆ ಮಾಡಬೇಕಾದ ಕೆಲಸ ಇದು. ಬರೆಯುವಾಗ, ತಿದ್ದುವಾಗ, ಮಾರ್ಗದರ್ಶಕರ ಕೈಗೆ ಕೊಡುವಾಗ, ಯಾವ ಹಂತದಲ್ಲಿಯೂ ಇಬಿಡ್ ಬಳಸಬೇಡಿ. ಪ್ರತಿ ಟಿಪ್ಪಣಿಯಲ್ಲೂ ಲೇಖಕರ ಹೆಸರು, ಪುಸ್ತಕದ ಹೆಸರಿನ ಚಿಕ್ಕ ರೂಪ, ಪುಟ ಇಷ್ಟನ್ನು ಬರೆಯಿರಿ. ಹೀಗೆ ಬರೆದ ಟಿಪ್ಪಣಿಯನ್ನು ಎಲ್ಲಿಗೆ ಎತ್ತಿಟ್ಟರೂ ಅದು ತನ್ನ ಆಕರವನ್ನು ಬಿಡುವುದಿಲ್ಲ. ನಿಮ್ಮ ವಿಶ್ವವಿದ್ಯಾನಿಲಯದ ನಿಯಮ ಇಬಿಡ್ ಬೇಕೇ ಬೇಕು ಎಂದರೆ, ಇನ್ನು ಒಂದು ವಾಕ್ಯವೂ ಬದಲಾಗುವುದಿಲ್ಲ ಎಂದಾದ ದಿನ ಕುಳಿತು ಮೊದಲ ಟಿಪ್ಪಣಿಯಿಂದ ಕೊನೆಯವರೆಗೆ ಒಂದೊಂದನ್ನೇ ಬದಲಾಯಿಸಿ. ನಿಯಮ ಕೇಳದಿದ್ದರೆ ಹೆಸರುಗಳನ್ನು ಹಾಗೆಯೇ ಬಿಡಿ. ಇದು ನನ್ನೊಬ್ಬನ ಹಟವಲ್ಲ. ಇತಿಹಾಸದವರು ಹೆಚ್ಚಾಗಿ ಅನುಸರಿಸುವ ಶಿಕಾಗೊ ಕೈಪಿಡಿ 2017ರ ಹದಿನೇಳನೆಯ ಆವೃತ್ತಿಯಿಂದಲೇ ಇಬಿಡ್ ಬದಲು ಚಿಕ್ಕ ಉಲ್ಲೇಖವನ್ನು ಬಳಸಿರೆಂದು ಹೇಳುತ್ತಿದೆ. ಎಪಿಎ ಪದ್ಧತಿಯಲ್ಲಿ ಇಬಿಡ್‌ಗೆ ಜಾಗವೇ ಇಲ್ಲ.

ಝೊಟೆರೊದಂತಹ ತಂತ್ರಾಂಶ ಬಳಸುವವರಿಗೆ ಈ ಕೆಲಸ ಹಗುರವಾಗುತ್ತದೆ. ಇಬಿಡ್ ಇರುವ ಶೈಲಿಯನ್ನು ಆರಿಸಿದರೆ ಟಿಪ್ಪಣಿ ಸೇರಿಸಿದಾಗ, ತೆಗೆದಾಗ ಅದೇ ಸರಿಪಡಿಸಿಕೊಳ್ಳುತ್ತದೆ. ಆದರೆ ಉಲ್ಲೇಖಗಳು ತಂತ್ರಾಂಶದೊಂದಿಗೆ ಬೆಸೆದುಕೊಂಡಿರುವವರೆಗೆ ಮಾತ್ರ. ಕಡತವನ್ನು ಡಿಟಿಪಿ ಅಂಗಡಿಗೆ ಕೊಟ್ಟು, ಅಲ್ಲಿ ಬೇರೆ ತಂತ್ರಾಂಶದಲ್ಲಿ ತೆರೆದು ಉಳಿಸಿದರೆ ಆ ಬೆಸುಗೆ ಕಳಚಿಹೋಗಬಹುದು. ಆಮೇಲೆ ಉಳಿಯುವುದು ಬರೀ ಅಕ್ಷರ. ಅಲ್ಲಿಂದ ಬಂದ ಕಡತದಲ್ಲಿ ಮತ್ತೆ ತಿದ್ದುಪಡಿ ಮಾಡದೆ, ನಿಮ್ಮ ಮೂಲ ಕಡತದಲ್ಲಿಯೇ ತಿದ್ದಿ ಮತ್ತೊಮ್ಮೆ ಕೊಡಿ.

ಒಪಿ ಸಿಟ್, ಲಾಕ್ ಸಿಟ್ ಎಂಬ ಎರಡು ಹಳೆಯ ಸಂಕ್ಷೇಪಗಳನ್ನು ನಮ್ಮ ಗ್ರಂಥಾಲಯಗಳ ಹಳೆಯ ಪ್ರಬಂಧಗಳಲ್ಲಿ ಈಗಲೂ ಕಾಣುತ್ತೀರಿ. "ಹಿಂದೆ ಹೇಳಿದ ಕೃತಿಯಲ್ಲಿ", "ಹಿಂದೆ ಹೇಳಿದ ಜಾಗದಲ್ಲಿ" ಎಂದು ಅವುಗಳ ಅರ್ಥ. ಎಷ್ಟು ಹಿಂದೆ ಎಂದು ಅವು ಹೇಳುವುದಿಲ್ಲ. ಓದಿ ಅರ್ಥ ಮಾಡಿಕೊಳ್ಳಲು ತಿಳಿದಿರಲಿ, ಬರೆಯಲು ಬೇಡ.

## ಸಿಕ್: ಸಾಕ್ಷಿ ಹೇಳುವ ಪದ

ಸಿಕ್ ಎಂದು ಬರೆದವನು ಎರಡು ಮಾತು ಹೇಳುತ್ತಾನೆ. ಇಲ್ಲಿ ತಪ್ಪಿದೆ, ಮತ್ತು ಆ ತಪ್ಪು ಮೂಲದ್ದು, ನನ್ನದಲ್ಲ. ಎರಡೂ ನಿಜವೆಂದು ಖಚಿತವಾದ ಮೇಲೆಯೇ ಅದನ್ನು ಬರೆಯಬೇಕು. ಬರೆಯುವುದು ಚೌಕ ಆವರಣದಲ್ಲಿ, ಓರೆ ಅಕ್ಷರದಲ್ಲಿ, ತಪ್ಪು ಪದದ ಬೆನ್ನಿಗೆ. ಚೌಕ ಆವರಣವೇ ಏಕೆಂದರೆ ದುಂಡು ಆವರಣ ಹಾಕಿದರೆ ಅದು ಮೂಲ ಲೇಖಕರದೇ ಎಂದು ಓದುಗರು ತಿಳಿಯಬಹುದು.

ಮೊದಲ ಹೆಜ್ಜೆ, ಮೂಲವನ್ನು ಮತ್ತೆ ತೆರೆದು ನೋಡುವುದು. ನಾನು ಕಂಡ ತಪ್ಪು ಸಿಕ್‌ಗಳಲ್ಲಿ ಹಲವು ವಿದ್ಯಾರ್ಥಿಯೇ ನಕಲು ಮಾಡುವಾಗ ಮಾಡಿಕೊಂಡ ತಪ್ಪುಗಳು. ಅಂತರ್ಜಾಲದಲ್ಲಿ ಸಿಗುವ ಹಳೆಯ ಪುಸ್ತಕಗಳ ಪಠ್ಯವನ್ನು ನೇರವಾಗಿ ನಕಲಿಸುವವರು ಇನ್ನೂ ಎಚ್ಚರದಿಂದಿರಬೇಕು. ಆ ಪಠ್ಯ ಯಂತ್ರ ಓದಿ ಬರೆದದ್ದು, 1 ಎಂಬುದನ್ನು ಎಲ್ ಎಂದು, 3 ಎಂಬುದನ್ನು 8 ಎಂದು ಓದಿರಬಹುದು. ಪುಟದ ಚಿತ್ರವನ್ನು ನೋಡದೆ ನೂರು ವರ್ಷದ ಹಿಂದಿನ ಲೇಖಕರ ಮೇಲೆ ಸಿಕ್ ಹಾಕಬಾರದು.

ಎರಡನೆಯ ಹೆಜ್ಜೆ, ಅದು ನಿಜವಾಗಿಯೂ ತಪ್ಪೇ ಎಂದು ಕೇಳಿಕೊಳ್ಳುವುದು. ಚಿಕ್ಕಮಗಳೂರಿನ ಹೆಸರು ಇದಕ್ಕೆ ತಕ್ಕ ಉದಾಹರಣೆ. ಇಂಗ್ಲಿಷ್ ದಾಖಲೆಗಳಲ್ಲಿ ಈ ಊರಿನ ಹೆಸರು ಕನಿಷ್ಠ ಮೂರು ಬಗೆಯಲ್ಲಿ ಸಿಗುತ್ತದೆ:

```
Chikmagalur
Chickmagalur
Chikkamagaluru
```

ಕೊನೆಯದು ಅಧಿಕೃತವಾದದ್ದು 2014ರ ನವೆಂಬರ್ 1ರಿಂದ. ಅದಕ್ಕೆ ಮೊದಲು ಬರೆದ ದಾಖಲೆಯಲ್ಲಿ ಹಳೆಯ ರೂಪ ಇರುವುದು ಸಹಜ, ಅದು ಆ ಕಾಲದ ಬರವಣಿಗೆ. ಅದಕ್ಕೆ ಸಿಕ್ ಹಾಕುವುದು ತಪ್ಪು. ರೈಸ್ ಅವರ ಆರನೆಯ ಸಂಪುಟದ ಮೇಲೆ ಕಡೂರು ಜಿಲ್ಲೆಯ ಶಾಸನಗಳು ಎಂದಿದೆ. ಒಬ್ಬ ವಿದ್ಯಾರ್ಥಿ ಅದರ ಪಕ್ಕದಲ್ಲಿಯೂ ಸಿಕ್ ಬರೆದಿದ್ದ, ಕಡೂರು ತಾಲ್ಲೂಕು ತಾನೇ ಎಂಬ ಕಾರಣಕ್ಕೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಇದ್ದ ಹೆಸರೇ ಕಡೂರು ಜಿಲ್ಲೆ. ಅಲ್ಲಿ ಬೇಕಾಗಿದ್ದದ್ದು "ಇಂದಿನ ಚಿಕ್ಕಮಗಳೂರು" ಎಂದು ಚೌಕ ಆವರಣದಲ್ಲಿ ಒಂದು ವಿವರಣೆ ಮಾತ್ರ.

ಶಾಸನಗಳ ಕನ್ನಡಕ್ಕೂ ಇದೇ ಮಾತು. ಇಂದಿನ ಕಾಗುಣಿತಕ್ಕೆ ಹೊಂದದ ರೂಪಗಳು ಶಾಸನದಲ್ಲಿ ಸಾಲುಸಾಲಾಗಿ ಸಿಗುತ್ತವೆ. ಪೃಥ್ವಿ ಎನ್ನುವಲ್ಲಿ ಪ್ರಿಥ್ವಿ ಎಂದಿರುತ್ತದೆ, ಇಂದು ಬಳಕೆಯಲ್ಲಿಲ್ಲದ ಱ ಮತ್ತು ೞ ಇರುತ್ತವೆ. ಱ, ೞ ತಪ್ಪುಗಳಲ್ಲ, ಆ ಕಾಲದ ಭಾಷೆ. ಕೆತ್ತಿದವನ ಕೈತಪ್ಪು ಎಂದು ಖಚಿತವಾದ ಕಡೆಯೂ ಶಾಸನತಜ್ಞರು ಸರಿಯಾದ ಅಕ್ಷರವನ್ನು ಪಕ್ಕದಲ್ಲಿ ಆವರಣದೊಳಗೆ ಕೊಡುತ್ತಾರೆ. ಅದೇ ದಾರಿಯನ್ನು ಹಿಡಿಯಿರಿ. ಒಂದು ಶಾಸನದ ಐದು ಸಾಲಿನಲ್ಲಿ ಹನ್ನೆರಡು ಸಿಕ್ ಇದ್ದರೆ ಓದುವುದು ಕಷ್ಟ, ಮಾಹಿತಿಯೂ ಏನಿಲ್ಲ.

ಸಂದರ್ಶನಗಳ ವಿಚಾರದಲ್ಲಿ ನನಗೆ ಬಲವಾದ ಅಭಿಪ್ರಾಯವಿದೆ. ಸಕಲೇಶಪುರದ ತೋಟದಲ್ಲಿ ಕೆಲಸ ಮಾಡುವ ಹೆಂಗಸು, ಕಳಸದ ಕಡೆಯ ರೈತ ತಮ್ಮ ಮಾತಿನಲ್ಲಿ ಹೇಳಿದ್ದನ್ನು ಬರೆದುಕೊಂಡು ಅವರ ಆಡುನುಡಿಯ ಪಕ್ಕದಲ್ಲಿ ಸಿಕ್ ಹಾಕಬಾರದು. ಅವರು ತಪ್ಪು ಮಾತನಾಡಲಿಲ್ಲ. ಆಡುನುಡಿಯನ್ನು ಇದ್ದಂತೆಯೇ ದಾಖಲಿಸಿದ್ದೇನೆ ಎಂದು ಅಧ್ಯಾಯದ ಮೊದಲಲ್ಲಿ ಒಂದು ವಾಕ್ಯ ಬರೆದರೆ ಮುಗಿಯಿತು.

ಇಷ್ಟೆಲ್ಲ ದಾಟಿ ಬಂದ ಮೇಲೆ ಸಿಕ್ ಬೇಕಾಗುವ ಸಂದರ್ಭ ಉಳಿಯುವುದು ಸ್ವಲ್ಪವೇ. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ಆದದ್ದು 1117ರಲ್ಲಿ. ನೀವು ಉದ್ಧರಿಸುವ ಲೇಖನದಲ್ಲಿ ಅಂಕಿಗಳು ಅದಲುಬದಲಾಗಿ 1171 ಎಂದು ಅಚ್ಚಾಗಿದೆ ಎಂದಿಟ್ಟುಕೊಳ್ಳಿ. ಹಾಗೆಯೇ ಬರೆದರೆ ಓದುಗರು ನಿಮ್ಮದೇ ತಪ್ಪು ಎಂದುಕೊಳ್ಳುತ್ತಾರೆ, ಅಥವಾ ಇನ್ನೂ ಕೆಟ್ಟದಾಗಿ, ಸರಿಯೆಂದು ನಂಬುತ್ತಾರೆ. ಸದ್ದಿಲ್ಲದೆ ತಿದ್ದಿದರೆ ಉದ್ಧರಣೆ ನಿಷ್ಠವಾಗಿ ಉಳಿಯುವುದಿಲ್ಲ. ಸಿಕ್ ಬೇಕಾಗಿರುವುದು ಇಲ್ಲಿ. ಆಗಲೂ ತಪ್ಪು ಇದೆ ಎಂದಷ್ಟೇ ಹೇಳಿ ನಿಲ್ಲಬೇಡಿ, ಸರಿ ಯಾವುದೆಂದೂ ಹೇಳಿ:

```
"... consecrated in 1171 [sic; 1117]"
```

ಬರೀ ಅಚ್ಚಿನ ತಪ್ಪಾಗಿದ್ದರೆ, ಒಂದು ಅಕ್ಷರ ಬಿಟ್ಟುಹೋಗಿದ್ದು ಅರ್ಥಕ್ಕೆ ಏನೂ ಆಗದಿದ್ದರೆ, ಇನ್ನೂ ಸುಲಭದ ದಾರಿಯಿದೆ. ಉದ್ಧರಣಚಿಹ್ನೆ ತೆಗೆದು ಆ ಮಾತನ್ನು ನಿಮ್ಮ ಮಾತಿನಲ್ಲಿ ಬರೆಯಿರಿ, ಆಕರ ಕೊಡಿ. ಬೇರೆ ವಿದ್ವಾಂಸರ ವಾದವನ್ನು ಖಂಡಿಸುವಾಗ ಅವರ ಕಾಗುಣಿತಕ್ಕೆ ಸಿಕ್ ಹಾಕುವ ಚಪಲ ಕೆಲವರಲ್ಲಿದೆ. ವಾದ ತಪ್ಪಾಗಿದ್ದರೆ ವಾದವನ್ನು ಹಿಡಿಯಿರಿ.

## ಸಿಎಫ್: ಎರಡನ್ನು ಪಕ್ಕಪಕ್ಕದಲ್ಲಿ ಇಡುವ ಪದ

ಸಿಎಫ್ ಅನ್ನು "ನೋಡಿ" ಎಂಬ ಅರ್ಥದಲ್ಲಿ ಬಳಸುವುದು ಎಲ್ಲೆಲ್ಲೂ ಕಾಣುವ ತಪ್ಪು. ನಿಮ್ಮ ಮಾತಿಗೆ ಆಧಾರ ಕೊಡುವ ಆಕರಕ್ಕೆ ಯಾವ ಪದವೂ ಬೇಡ, ಆಕರವನ್ನು ನೇರವಾಗಿ ಕೊಟ್ಟರಾಯಿತು. ಹೆಚ್ಚಿನ ವಿವರಕ್ಕೆ ಬೇರೆ ಕಡೆ ಕಳುಹಿಸುವುದಾದರೆ ಇಂಗ್ಲಿಷಿನ ಸೀ ಎಂಬ ಪದವಿದೆ. ಸಿಎಫ್ ಬೇಕಾಗುವುದು ನೀವು ಹೇಳಿದ್ದಕ್ಕಿಂತ ಭಿನ್ನವಾದದ್ದನ್ನು, ಅಥವಾ ಬೇರೆ ಸಂದರ್ಭದ ಸಮಾನವಾದದ್ದನ್ನು ಪಕ್ಕದಲ್ಲಿಟ್ಟು ತೂಗಿ ನೋಡಿ ಎಂದು ಓದುಗರಿಗೆ ಹೇಳುವಾಗ.

ಹಲ್ಮಿಡಿಯನ್ನು ತೆಗೆದುಕೊಳ್ಳಿ. ಬೇಲೂರು ತಾಲ್ಲೂಕಿನ ಈ ಊರಿನ ಶಾಸನವನ್ನು ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದರು. ಸುಮಾರು ಕ್ರಿ.ಶ. 450ರದು, ಕನ್ನಡದ ಅತ್ಯಂತ ಹಳೆಯ ಶಾಸನ ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಈ ವಾಕ್ಯವನ್ನು ಬರೆದು ಟಿಪ್ಪಣಿಯಲ್ಲಿ 1936ರ ವರದಿಯನ್ನು ಕೊಟ್ಟರೆ ಅದು ಆಧಾರ, ಅದಕ್ಕೆ ಸಿಎಫ್ ಸಲ್ಲದು. ತಾಳಗುಂದದ ಸಿಂಹಕಟಾಂಜನ ಶಾಸನವನ್ನು ಅದಕ್ಕಿಂತ ಹಳೆಯದು, ಕ್ರಿ.ಶ. 370ರದು ಎಂದು ಇತ್ತೀಚೆಗೆ ವಾದಿಸಲಾಗಿದೆ. ಹಲ್ಮಿಡಿಯೇ ಹಳೆಯದು ಎಂದು ಬರೆದವರು ಅದೇ ಟಿಪ್ಪಣಿಯಲ್ಲಿ ತಾಳಗುಂದದ ಆಕರವನ್ನು ಸಿಎಫ್ ಹಾಕಿ ಕೊಡಬೇಕು. ಭಿನ್ನ ಅಭಿಪ್ರಾಯ ಇದೆ, ತೂಗಿ ನೋಡಿ ಎಂದು ಅದು ಹೇಳುತ್ತದೆ.

ಜೊತೆಗೆ, ಯಾವ ವಿಷಯದಲ್ಲಿ ಹೋಲಿಸಬೇಕು ಎಂಬುದನ್ನು ನಾಲ್ಕು ಪದಗಳಲ್ಲಿ ಬರೆಯಿರಿ. ಬರೀ ಸಿಎಫ್ ಮತ್ತು ಒಂದು ಪುಸ್ತಕದ ಹೆಸರು ಇದ್ದರೆ ಇನ್ನೂರು ಪುಟ ಓದಿ ವ್ಯತ್ಯಾಸ ಹುಡುಕುವ ಕೆಲಸ ಓದುಗರ ತಲೆಗೆ ಬೀಳುತ್ತದೆ. "ಕಾಲವನ್ನು ಮುಂಚೆ ಇಡುತ್ತಾರೆ", "ದಾನ ಕೊಟ್ಟವರ ಬಗ್ಗೆ ಬೇರೆ ಮಾತು ಹೇಳುತ್ತಾರೆ" ಎಂಬಷ್ಟು ಸಾಕು. ಆ ನಾಲ್ಕು ಪದ ಬರೆಯಲು ನಿಮಗೇ ಆಗದಿದ್ದರೆ ಆ ಆಕರವನ್ನು ನೀವು ಸರಿಯಾಗಿ ಓದಿಲ್ಲ, ಹೋಗಿ ಓದಿ ಬನ್ನಿ.

## ಎಟ್ ಆಲ್: ಹೆಸರುಗಳನ್ನು ಎಲ್ಲಿ ಬಿಡಬಹುದು

ಇದು ಕಷ್ಟದ್ದಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿಗಳ ಪುಟಗಳಲ್ಲಿ ಇದೇ ಹೆಚ್ಚು ಬರುತ್ತದೆ. ಪಶ್ಚಿಮ ಘಟ್ಟಗಳ ಮೇಲೆ ಬರೆಯುವ ಪ್ರತಿಯೊಬ್ಬರೂ ಉಲ್ಲೇಖಿಸುವ ಒಂದು ಲೇಖನವಿದೆ. ಘಟ್ಟಗಳನ್ನೂ ಶ್ರೀಲಂಕಾವನ್ನೂ ಒಟ್ಟಿಗೆ ಜಗತ್ತಿನ 25 ಜೀವವೈವಿಧ್ಯ ತಾಣಗಳಲ್ಲಿ ಒಂದೆಂದು ಎಣಿಸಿದ್ದು, ನೇಚರ್ ಪತ್ರಿಕೆಯಲ್ಲಿ 2000ದಲ್ಲಿ ಬಂದದ್ದು. ಲೇಖಕರು ಐವರು: ಮಯರ್ಸ್, ಇಬ್ಬರು ಮಿಟರ್‌ಮೈಯರ್, ಡ ಫೊನ್ಸೆಕ, ಕೆಂಟ್. ಪಠ್ಯದ ಒಳಗೆ ಐದೂ ಹೆಸರು ಬೇಡ:

```
(Myers et al., 2000)
```

ಎಷ್ಟು ಜನ ಲೇಖಕರಿದ್ದರೆ ಹೀಗೆ ಬರೆಯಬೇಕು ಎಂಬುದನ್ನು ನಿಮ್ಮ ಶೈಲಿ ತೀರ್ಮಾನಿಸುತ್ತದೆ. ಎಪಿಎ ಏಳನೆಯ ಆವೃತ್ತಿಯಲ್ಲಿ ಮೂವರು ಅಥವಾ ಹೆಚ್ಚು ಇದ್ದರೆ ಮೊದಲ ಸಲದಿಂದಲೇ. ಶಿಕಾಗೊ ಹದಿನೇಳರಲ್ಲಿ ನಾಲ್ವರು ಅಥವಾ ಹೆಚ್ಚು, 2024ರ ಹದಿನೆಂಟನೆಯ ಆವೃತ್ತಿಯಲ್ಲಿ ಅದು ಮೂವರಿಗೆ ಇಳಿದಿದೆ. ಇಬ್ಬರೇ ಲೇಖಕರಿದ್ದಾಗ ಯಾವ ಕಡೆಯೂ ಇಲ್ಲ. "ಮತ್ತು ಇತರರು" ಎಂದು ಬಿಡಿಸಿ ಓದಿದರೆ ಒಬ್ಬರನ್ನು ಇತರರು ಎನ್ನಲು ಬಾರದು ಎಂದು ತಾನಾಗಿಯೇ ಗೊತ್ತಾಗುತ್ತದೆ. ಇಂಗ್ಲಿಷಿನ ಆ್ಯಂಡ್ ಸೇರಿಸಿ ಎಟ್ ಆಲ್ ಬರೆಯುವವರಿಗೂ ಅದೇ ಓದು ಉತ್ತರ ಹೇಳುತ್ತದೆ: ಅದು "ಮತ್ತು ಮತ್ತು ಇತರರು" ಆಗುತ್ತದೆ. ಲೇಖಕರು ಹಲವರಾದ್ದರಿಂದ ಕ್ರಿಯಾಪದವೂ ಬಹುವಚನದಲ್ಲಿಯೇ ಇರಲಿ.

ಪ್ರಬಂಧದ ಕೊನೆಯ ಆಕರಪಟ್ಟಿಯಲ್ಲಿ ಮಾತ್ರ ಎಟ್ ಆಲ್ ಹಾಕುವ ಕೈಯನ್ನು ಬಿಗಿ ಹಿಡಿಯಿರಿ. ಎಪಿಎ ಅಲ್ಲಿ ಇಪ್ಪತ್ತು ಹೆಸರುಗಳವರೆಗೆ ಎಲ್ಲವನ್ನೂ ಬರೆಯಿರಿ ಎನ್ನುತ್ತದೆ. ಪಠ್ಯದಿಂದ ನಕಲಿಸಿ ಪಟ್ಟಿಯಲ್ಲೂ ಎಟ್ ಆಲ್ ಹಾಕಿದರೆ ನಾಲ್ವರ ಹೆಸರು ಇಡೀ ಪ್ರಬಂಧದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಒಂದು ಬೇಸಿಗೆಯಿಡೀ ಬಾಳೆಹೊನ್ನೂರಿನ ಕಾಫಿ ಗಿಡಗಳ ನಡುವೆ ಕೊರಕದ ಹುಳು ಎಣಿಸಿದ ಕಿರಿಯ ಸಂಶೋಧಕಿಯ ಹೆಸರು ಇಂತಹ ಪಟ್ಟಿಯಲ್ಲಿ ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ.

## ಪ್ರಬಂಧ ಕನ್ನಡದಲ್ಲಿದ್ದರೆ

ಕನ್ನಡದಲ್ಲಿ ಬರೆಯುವವರಿಗೆ ಲ್ಯಾಟಿನ್ ಬೇಡ. ಇಬಿಡ್ ಜಾಗಕ್ಕೆ "ಅದೇ", ಒಪಿ ಸಿಟ್ ಜಾಗಕ್ಕೆ "ಪೂರ್ವೋಕ್ತ", ಸಿಎಫ್‌ಗೆ "ಹೋಲಿಸಿ", ಎಟ್ ಆಲ್‌ಗೆ "ಮತ್ತಿತರರು", ಸಿಕ್‌ಗೆ "ಮೂಲದಲ್ಲಿರುವಂತೆ". ಇಂಗ್ಲಿಷ್ ಪುಸ್ತಕವನ್ನು ಉಲ್ಲೇಖಿಸುವ ಟಿಪ್ಪಣಿಗೆ ಇಬಿಡ್, ಕನ್ನಡ ಪುಸ್ತಕದ ಟಿಪ್ಪಣಿಗೆ ಅದೇ ಎಂದು ಬೆರೆಸಬೇಡಿ. ಪ್ರಬಂಧದ ಭಾಷೆ ಯಾವುದೋ ಟಿಪ್ಪಣಿಯ ಭಾಷೆಯೂ ಅದೇ ಇರಲಿ.

ಪದ ಕನ್ನಡವಾದರೂ ಅಪಾಯ ಕಡಿಮೆಯಾಗುವುದಿಲ್ಲ. "ಅದೇ, ಪು. 52" ಎಂಬುದು ಇಬಿಡ್‌ನಷ್ಟೇ ಸುಲಭವಾಗಿ ಬೇರೆ ಪುಸ್ತಕದ ಬೆನ್ನಿಗೆ ಹೋಗಿ ನಿಲ್ಲುತ್ತದೆ. "ಪೂರ್ವೋಕ್ತ" ಬರೆಯಬೇಕಾದರೆ ಲೇಖಕರ ಹೆಸರಿಲ್ಲದೆ ಬರೆಯಬೇಡಿ, ಒಬ್ಬರದೇ ಎರಡು ಕೃತಿಗಳಿದ್ದರೆ ಕೃತಿಯ ಹೆಸರೂ ಬೇಕು. ಅಷ್ಟು ಬರೆದ ಮೇಲೆ ಪೂರ್ವೋಕ್ತ ಎಂಬ ಪದಕ್ಕೆ ಕೆಲಸ ಉಳಿಯುವುದಿಲ್ಲ, ಅದನ್ನು ಬಿಟ್ಟರೂ ಆದೀತು.

## ಬೈಂಡಿಂಗಿಗೆ ಕೊಡುವ ಮುನ್ನ

ಟಿಪ್ಪಣಿಗಳನ್ನಷ್ಟೇ ಓದುವ ಒಂದು ಸರದಿ ಇರಲಿ. ಪಠ್ಯದ ಜೊತೆಗೆ ಓದಿದರೆ ಕಣ್ಣು ಪಠ್ಯದ ಕಡೆಗೇ ಎಳೆಯುತ್ತದೆ. ಕಡತದಲ್ಲಿ ಇಬಿಡ್ ಎಂದು ಹುಡುಕಿ, ಸಿಕ್ಕ ಪ್ರತಿಯೊಂದರ ಮುಂದೆಯೂ ಅದು ತೋರಿಸಬೇಕಾದ ಪುಸ್ತಕದ ಹೆಸರನ್ನು ಪೆನ್ಸಿಲಿನಿಂದ ಬರೆಯಿರಿ. ಬರೆಯುವುದು ಹಿಂದಿನ ಟಿಪ್ಪಣಿಯನ್ನು ನೋಡಿ ಅಲ್ಲ, ನಿಮ್ಮ ಓದಿನ ಟಿಪ್ಪಣಿಪುಸ್ತಕವನ್ನು ನೋಡಿ. ಆಮೇಲೆ ಹಿಂದಿನ ಟಿಪ್ಪಣಿಯೊಂದಿಗೆ ತಾಳೆ ಹಾಕಿ. ಹಿಂದಿನ ಟಿಪ್ಪಣಿಯನ್ನೇ ನೋಡಿ ಬರೆದರೆ ತಪ್ಪು ಇಬಿಡ್ ಕೂಡ ಸರಿಯಾಗಿಯೇ ಕಾಣುತ್ತದೆ. ಪುಟಸಂಖ್ಯೆಯೂ ಸುಳಿವು ಕೊಡುತ್ತದೆ: 240 ಪುಟದ ಪುಸ್ತಕದ ಹಿಂದೆ ಬಂದ ಇಬಿಡ್ 310ನೆಯ ಪುಟ ಎಂದರೆ ಅದು ಆ ಪುಸ್ತಕದ್ದಲ್ಲ.

ಅಂದು ನಾವಿಬ್ಬರೂ ಊಟದ ಮೇಜಿನ ಮೇಲೆ ಆ ಅಧ್ಯಾಯವನ್ನು ಹರಡಿಕೊಂಡು ಇದನ್ನೇ ಮಾಡಿದೆವು. ಅವಳು ತನ್ನ ಟಿಪ್ಪಣಿಪುಸ್ತಕದಿಂದ ಹೆಸರು ಓದುತ್ತಿದ್ದಳು, ನಾನು ಪೆನ್ಸಿಲಿನಿಂದ ಬರೆಯುತ್ತಿದ್ದೆ. ಇಬಿಡ್ ಇದ್ದದ್ದು 41 ಕಡೆ. ಕೆಂಪು ಶಾಯಿ ಬಿದ್ದದ್ದು ಒಂದಕ್ಕೆ, ತಾಳೆಯಾಗದೆ ಉಳಿದದ್ದು ಆರು. ಆರರಲ್ಲಿ ನಾಲ್ಕು ನಡುವೆ ವಾಕ್ಯ ಅಳಿಸಿದ್ದರಿಂದ ಆದವು. ಸಂಜೆ ಅವಳು ಬಸ್ಸಿಗೆ ಹೊರಡುವ ಹೊತ್ತಿಗೆ 41 ಇಬಿಡ್‌ಗಳನ್ನೂ ತೆಗೆದು ಹೆಸರು ಬರೆದಾಗಿತ್ತು, ಅಧ್ಯಾಯ ಅರ್ಧ ಪುಟ ಉದ್ದವಾಗಿತ್ತು.